ಏಳು ದೃಶ್ಯಗಳ ಏಕಾಂಕವನ್ನು ಒಂದು ರಾತ್ರಿಗೆ ಇಳಿಸುವುದು ಹೇಗೆ?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನಲ್ಲಿ ಪ್ರೌಢಶಾಲಾ ಶಿಕ್ಷಕಿ. ನಮ್ಮೂರ ತಂಡಕ್ಕಾಗಿ ಏಕಾಂಕ ನಾಟಕ ಸ್ಪರ್ಧೆಗೆ ಒಂದು ನಾಟಕ ಬರೆದಿದ್ದೇನೆ. ಕಾಫಿ ತೋಟದ ಮನೆ. ಕಿರಿಯ ಮಗ ಓದಲು ಕೆನಡಾಕ್ಕೆ ಹೋಗಿ ಅಲ್ಲೇ ನಿಲ್ಲುತ್ತಾನೆ. ತಂದೆ ಅದೇ ಕೊರಗಿನಲ್ಲಿ ತೀರಿಕೊಳ್ಳುತ್ತಾರೆ, ಅಣ್ಣ ತಮ್ಮ ತೋಟದ ಪಾಲಿಗಾಗಿ ಮಾತು ಬಿಡುತ್ತಾರೆ, ಕೊನೆಗೆ ಮಗ ಮರಳಿ ಬಂದಾಗ ತಾಯಿಗೆ ಅವನ ಗುರುತೇ ಸಿಗುವುದಿಲ್ಲ. ಮಿತಿ 45 ನಿಮಿಷ. ಓದಿದರೆ ಒಂದು ಗಂಟೆ ಹತ್ತು ನಿಮಿಷ ಆಗುತ್ತಿದೆ. ಕೇಳಿದವರು ‘ಧಾರಾವಾಹಿ ನೋಡಿದ ಹಾಗಿದೆ’ ಎನ್ನುತ್ತಾರೆ. ಎಲ್ಲಿ ಕತ್ತರಿಸಲಿ? ವಿಡಿಯೊ ಕರೆಯನ್ನು ಪರದೆಯ ಮೇಲೆ ತೋರಿಸಬಹುದೇ? ನಮ್ಮಲ್ಲಿ ನಟರು ಐದೇ ಜನ. ಹಸ್ತಪ್ರತಿ ಕಳುಹಿಸಿದ್ದೇನೆ.

ಉತ್ತರ:

ಹಸ್ತಪ್ರತಿಯನ್ನು ಪೂರ್ತಿ ಓದಿದೆ. ಕತ್ತರಿಸುವುದರಿಂದ ಇದು ಸರಿಹೋಗುವುದಿಲ್ಲ. ಒಂದೊಂದು ದೃಶ್ಯದಿಂದ ನಾಲ್ಕು ನಾಲ್ಕು ನಿಮಿಷ ತೆಗೆದರೆ ಸಮಯವೇನೋ ಮಿತಿಯೊಳಗೆ ಬರುತ್ತದೆ, ಆದರೆ ಉಳಿಯುವುದು ಅದೇ ಧಾರಾವಾಹಿ, ಇನ್ನಷ್ಟು ಅವಸರದಲ್ಲಿ. ನೀವು ಬರೆದಿರುವುದು ಒಂದು ಕುಟುಂಬದ ಹತ್ತು ವರ್ಷಗಳ ಕಥೆ. ವಿಮಾನ ನಿಲ್ದಾಣದ ಬೀಳ್ಕೊಡುಗೆ, ಮೊದಲ ಸಂಬಳ, ತಂದೆಯ ಸಾವು, ಮೊಬೈಲಿನಲ್ಲಿ ಅಂತ್ಯಕ್ರಿಯೆ ನೋಡುವ ಮಗ, ಮರಳಿ ಬರುವುದು: ಇವೆಲ್ಲ ನಡೆದದ್ದರ ವರದಿ. ಈ ವಿಷಯದ ನಾಟಕಗಳಲ್ಲಿ ಇವೇ ದೃಶ್ಯಗಳು ಬರುತ್ತವೆ. ತೀರ್ಪುಗಾರರ ಕುರ್ಚಿಯಲ್ಲಿ ಕುಳಿತವರಿಗೆ ಮೊಬೈಲಿನ ಅಂತ್ಯಕ್ರಿಯೆ ಬರುವುದು ಎರಡನೆಯ ದೃಶ್ಯದಲ್ಲೇ ಗೊತ್ತಾಗಿಬಿಡುತ್ತದೆ.

ನಿಮ್ಮ ನಾಟಕ ಇರುವುದು ಬೇರೆ ಕಡೆ. ಐದನೆಯ ದೃಶ್ಯದಲ್ಲಿ ಎರಡು ಮಾತುಗಳಿವೆ, ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಹಿರಿಯವನು ‘ಕಾಗದ ಕಳುಹಿಸಿದ್ದೇನೆ ಅನ್ನುತ್ತಾನೆ, ನಮ್ಮ ಮನೆಗೆ ಬಂದಿಲ್ಲ’ ಎನ್ನುತ್ತಾನೆ. ತಾಯಿ ‘ಬರುತ್ತದೆ ಬಿಡು, ಅಂಚೆಯಲ್ಲಿ ತಡವಾಗಿರಬೇಕು’ ಎನ್ನುತ್ತಾಳೆ. ಆ ಕಾಗದ ಎಲ್ಲಿ ಹೋಯಿತು? ನೀವು ಹೇಳಿಲ್ಲ. ನನ್ನ ಸಲಹೆ ಇಷ್ಟೇ: ಕಾಗದ ಬಂದಿದೆ. ತಾಯಿಯೇ ಬಚ್ಚಿಟ್ಟಿದ್ದಾಳೆ. ಅದು ಹೊರಗೆ ಬರುವ ರಾತ್ರಿಯೇ ನಿಮ್ಮ ನಾಟಕ. ಉಳಿದ ಆರು ದೃಶ್ಯಗಳನ್ನು ಎತ್ತಿಡಿ. ಅವುಗಳಲ್ಲಿ ಬೇಕಾದದ್ದು ತಾನಾಗಿಯೇ ಈ ರಾತ್ರಿಯ ಮಾತಿನೊಳಕ್ಕೆ ಬರುತ್ತದೆ.

ಮೊದಲು ಕಾಗದದ ವಿಚಾರವನ್ನು ಗಟ್ಟಿ ಮಾಡಿಕೊಳ್ಳೋಣ. ‘ಆಸ್ತಿ ಜಗಳ’ ಎಂದು ಬರೆದರೆ ಸಾಲದು. ಏನು, ಎಷ್ಟು, ಯಾರ ಸಹಿ ಎಂಬುದು ತಿಳಿದರೆ ಮಾತು ತಾನಾಗಿ ಹುಟ್ಟುತ್ತದೆ. ತಂದೆ ಸ್ವಂತ ದುಡಿಮೆಯಿಂದ ಕೊಂಡ ಎಂಟು ಎಕರೆ ತೋಟ ಎಂದಿಟ್ಟುಕೊಳ್ಳಿ. ಉಯಿಲು ಬರೆಯದೆ ತೀರಿಕೊಂಡಿದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಂಥ ಆಸ್ತಿ ಹೆಂಡತಿಗೂ ಮಕ್ಕಳಿಗೂ ಸಮನಾಗಿ ಹೋಗುತ್ತದೆ: ತಾಯಿ, ಹಿರಿಯ ಮಗ, ಹಾಸನಕ್ಕೆ ಕೊಟ್ಟ ಮಗಳು, ಕೆನಡಾದಲ್ಲಿರುವ ಕಿರಿಯ, ತಲಾ ಎರಡು ಎಕರೆ. ಪೌತಿ ಖಾತೆಯಾಗಿ ಪಹಣಿಯಲ್ಲಿ ನಾಲ್ಕೂ ಹೆಸರು ಜಂಟಿಯಾಗಿ ಕೂತಿವೆ. ತೋಟ ನೋಡಿಕೊಳ್ಳುವವನು ಹಿರಿಯವನೊಬ್ಬನೇ, ಆದರೆ ಬ್ಯಾಂಕಿಗೆ ಸಾಲ ಕೇಳಲು ಹೋದರೆ ನಾಲ್ವರ ಸಹಿ ಕೇಳುತ್ತಾರೆ. ಅವನಿಗೆ ಇದು ವರ್ಷವರ್ಷದ ಅವಮಾನ. ಕಿರಿಯವನಿಗೆ ಅಲ್ಲಿ ಮನೆ ಕೊಳ್ಳಲು ಹಣ ಬೇಕು. ಆದ್ದರಿಂದ ಇಬ್ಬರೂ ಒಪ್ಪಿದ್ದಾರೆ: ಅಣ್ಣ ಹಣ ಕೊಡುತ್ತಾನೆ, ತಮ್ಮ ತನ್ನ ಎರಡು ಎಕರೆಗೆ ಹಕ್ಕು ಖುಲಾಸೆ ಪತ್ರ ಮಾಡಿಕೊಡುತ್ತಾನೆ. ಅವನು ಬರಲಾಗುವುದಿಲ್ಲವಾದ್ದರಿಂದ ತನ್ನ ಪರವಾಗಿ ಸಹಿ ಮಾಡಲು ಒಬ್ಬರಿಗೆ ಅಧಿಕಾರ ಪತ್ರ ಬರೆದು, ಟೊರೊಂಟೊದ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ, ಅಂಚೆಯಲ್ಲಿ ಕಳುಹಿಸುತ್ತಾನೆ.

ಇಲ್ಲಿ ನಿಮಗೆ ಕಾನೂನೇ ಒಂದು ಗಡಿಯಾರವನ್ನು ಕೊಡುತ್ತದೆ. ವಿದೇಶದಲ್ಲಿ ಬರೆದ ಅಧಿಕಾರ ಪತ್ರ ಭಾರತಕ್ಕೆ ಬಂದು ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಕಾಗದ ನವೆಂಬರ್ ಕೊನೆಯಲ್ಲಿ ಬಂತು ಎಂದುಕೊಳ್ಳಿ. ಅರೇಬಿಕಾ ಹಣ್ಣು ಕೊಯ್ಲಿನ ಕಾಲ, ಮನೆಮಂದಿಯೆಲ್ಲ ತೋಟದಲ್ಲಿ ಅಥವಾ ಕಣದಲ್ಲಿ; ಅಂಚೆಯವರಿಗೆ ಸಹಿ ಹಾಕಿ ತೆಗೆದುಕೊಂಡವಳು ತಾಯಿ. ನಾಟಕ ನಡೆಯುವುದು ಫೆಬ್ರುವರಿ ಕೊನೆಯ ವಾರದಲ್ಲಿ. ಗಡುವಿಗೆ ಎರಡೇ ದಿನ ಉಳಿದಿದೆ. ತಾಯಿಗೆ ಗಡುವಿನ ವಿಷಯ ಗೊತ್ತಿಲ್ಲ. ಕಾಗದ ಸಿಗದಿದ್ದರೆ ಪಾಲು ನಿಲ್ಲುತ್ತದೆ, ಪಾಲು ನಿಂತರೆ ಮಗನಿಗೆ ಈ ಮನೆಯ ಎಳೆ ಉಳಿಯುತ್ತದೆ ಎಂಬುದಷ್ಟೇ ಅವಳ ಲೆಕ್ಕ. ಅವಳು ಎಣಿಸದೇ ಇದ್ದದ್ದು ಆಗಿದೆ. ಕಿರಿಯವನು ‘ತಲುಪಿದೆ ಎಂದು ಅಂಚೆಯವರ ಜಾಲತಾಣ ತೋರಿಸುತ್ತಿದೆ’ ಎನ್ನುತ್ತಾನೆ, ಹಿರಿಯವನು ‘ಸುಳ್ಳು’ ಎನ್ನುತ್ತಾನೆ. ಎರಡು ತಿಂಗಳಿಂದ ಇಬ್ಬರ ನಡುವೆ ಮಾತಿಲ್ಲ. ನಾಳೆ ಬೆಳಿಗ್ಗೆ ಹಿರಿಯವನು ವಕೀಲರ ಬಳಿ ಹೋಗಿ ಪಾಲು ದಾವೆ ಹೂಡುವವನಿದ್ದಾನೆ. ವಕಾಲತ್ತಿಗೆ ತಾಯಿಯ ಮತ್ತು ತಂಗಿಯ ಸಹಿ ಬೇಕೆಂದು ಹಾಸನದಿಂದ ತಂಗಿಯನ್ನು ಕರೆಸಿದ್ದಾನೆ.

ಈಗ ನೋಡಿ, ಈ ರಾತ್ರಿಯೇ ಯಾಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ತಾಯಿ ಸುಮ್ಮನಿದ್ದರೆ ನಾಳೆ ಮಕ್ಕಳು ಕೋರ್ಟಿನಲ್ಲಿ ಎದುರು ಬದುರಾಗುತ್ತಾರೆ. ಬಾಯಿ ಬಿಟ್ಟರೆ ತಾನೇ ಮನೆ ಮುರಿದವಳಾಗುತ್ತಾಳೆ. ನಿಮ್ಮ ಹಸ್ತಪ್ರತಿಯಲ್ಲಿ ತಾಯಿಗೆ ಅಳುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ. ಇಲ್ಲಿ ಅವಳು ಏನೋ ಮಾಡಿದ್ದಾಳೆ, ಅದನ್ನು ಮುಚ್ಚಿಡುವುದಕ್ಕೆ ಪ್ರತಿ ನಿಮಿಷ ಇನ್ನೇನೋ ಮಾಡುತ್ತಿರಬೇಕು. ಒಳ್ಳೆಯ ನಟಿಗೆ ಇದು ಸಿಕ್ಕರೆ ಸಾಕು.

ಬಚ್ಚಿಟ್ಟದ್ದನ್ನು ಪ್ರೇಕ್ಷಕರಿಂದ ಬಚ್ಚಿಡಬೇಡಿ. ಬಹಳ ತಂಡಗಳು ಇಂಥ ಲಕೋಟೆಯನ್ನು ಕೊನೆಯ ಎರಡು ನಿಮಿಷದವರೆಗೆ ಕಾಪಾಡಿಕೊಂಡು ಬಂದು, ಆಮೇಲೆ ಹಿನ್ನೆಲೆ ಸಂಗೀತದೊಂದಿಗೆ ಒಡೆಯುತ್ತವೆ. ಅದರಿಂದ ಪ್ರೇಕ್ಷಕರಿಗೆ ಒಂದು ಕ್ಷಣದ ಬೆರಗು ಸಿಗಬಹುದು, ಆದರೆ ಅದಕ್ಕೆ ಮೊದಲಿನ 40 ನಿಮಿಷ ಅವರು ಏನನ್ನೂ ಕಾಯದೆ ಕುಳಿತಿರುತ್ತಾರೆ. ನಾಟಕದ ಮೊದಲ ನಿಮಿಷದಲ್ಲೇ, ರಂಗದ ಮೇಲೆ ತಾಯಿ ಒಬ್ಬಳೇ ಇದ್ದಾಗ, ಎಲೆಯಡಿಕೆಯ ಪೆಟ್ಟಿಗೆಯಿಂದ ಲಕೋಟೆಯನ್ನು ತೆಗೆದು ನೋಡಿ, ಮತ್ತೆ ಎಲೆಗಳ ಅಡಿಗೆ ಇಡಲಿ. ಮಾತು ಬೇಡ. ವಿದೇಶದ ಅಂಚೆಚೀಟಿ ದೂರಕ್ಕೆ ಕಾಣುವುದಿಲ್ಲ, ಆದ್ದರಿಂದ ಲಕೋಟೆಯ ಬಣ್ಣ ರಂಗದ ಮೇಲೆ ಬೇರೆಲ್ಲೂ ಇಲ್ಲದ ಬಣ್ಣವಾಗಿರಲಿ. ಆಮೇಲೆ ಯಾರು ‘ಒಂದು ಚೂರು ಅಡಿಕೆ ಕೊಡಿ’ ಎಂದು ಪೆಟ್ಟಿಗೆಗೆ ಕೈ ಚಾಚಿದರೂ ಸಭಾಂಗಣದ ಕಣ್ಣು ಅಲ್ಲೇ ಇರುತ್ತದೆ.

ತಾಯಿ, ಹಿರಿಯವನು, ಅವನ ಹೆಂಡತಿ ಅಂದರೆ ಮನೆಯ ಸೊಸೆ, ಮಗಳು, ಇವರು ನಾಲ್ವರು. ಐದನೆಯ ನಟನನ್ನು ಲೆಕ್ಕ, ಆಳುಕಾಳು ನೋಡಿಕೊಳ್ಳುವ ತೋಟದ ರೈಟರ್ ಮಾಡಿ. ನಿಮ್ಮ ಹಸ್ತಪ್ರತಿಯಲ್ಲಿರುವ ‘ಊರ ಹಿರಿಯ’ರನ್ನು ಬಿಟ್ಟುಬಿಡಿ, ಅವರು ಬಂದು ಬುದ್ಧಿ ಹೇಳುತ್ತಾರೆ, ಅಷ್ಟೇ. ರೈಟರಿಗೆ ಬುದ್ಧಿ ಹೇಳುವ ಅಧಿಕಾರವಿಲ್ಲ, ಆದರೆ ಮೂವತ್ತು ವರ್ಷದಿಂದ ಮನೆಯ ಎಲ್ಲವೂ ಗೊತ್ತು. ಅವನು ಒಳಗೆ ಬಂದ ಕೂಡಲೇ ಮನೆಯವರೆಲ್ಲ ದನಿ ತಗ್ಗಿಸಿ, ಕಾಫಿ ಆಯಿತೇ ಎಂದು ವಿಚಾರಿಸುತ್ತಾರೆ. ಹೊರಗಿನವರ ಮುಂದೆ ಮರ್ಯಾದೆ ಕಾಪಾಡಿಕೊಳ್ಳುವ ಆ ಅರ್ಧ ನಿಮಿಷದಲ್ಲಿ ಜಗಳದ ಕಾವು ಹೆಚ್ಚು ತಿಳಿಯುತ್ತದೆ.

ಅವನು ಬಂದು ಹೋಗುವುದಕ್ಕೆ ಕಾರಣವೂ ನಿಮ್ಮ ಊರಿನಲ್ಲೇ ಇದೆ. ಫೆಬ್ರುವರಿ, ಮಾರ್ಚಿನಲ್ಲಿ ರೊಬಸ್ಟಾ ತೋಟಗಳಿಗೆ ಹೂವಿನ ನೀರು ಕೊಡುವ ಕಾಲ. ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರಿನಿಂದ ಒಂದು ಇಂಚಿನಷ್ಟಾದರೂ ನೀರು ಬೀಳಬೇಕು. ಬಿದ್ದ ಎಂಟು ಒಂಬತ್ತು ದಿನಕ್ಕೆ ಹೂ ಅರಳುತ್ತದೆ. ಒಂದು ಗಿಡದ ಪರಾಗದಿಂದ ಅದೇ ಗಿಡ ಕಾಯಿ ಕಟ್ಟುವುದಿಲ್ಲವಾದ್ದರಿಂದ ಆ ಭಾಗದ ಗಿಡಗಳೆಲ್ಲ ಒಟ್ಟಿಗೆ ಅರಳಬೇಕು, ಅಂದರೆ ನೀರು ಕೊಡಲು ಶುರು ಮಾಡಿದ ಮೇಲೆ ಮಧ್ಯೆ ನಿಲ್ಲಿಸುವಂತಿಲ್ಲ. (ದಯವಿಟ್ಟು ಈ ಪರಾಗದ ಮಾತನ್ನು ಯಾವ ಪಾತ್ರದ ಬಾಯಲ್ಲೂ ಕುಟುಂಬದ ರೂಪಕವಾಗಿ ಹೇಳಿಸಬೇಡಿ. ಆಸೆಯಾಗುತ್ತದೆ, ತಡೆದುಕೊಳ್ಳಿ.) ಕೆಲವು ಗಂಟೆಗಳಿಗೊಮ್ಮೆ, ರಾತ್ರಿಯಾದರೂ, ಪೈಪು ಬದಲಾಯಿಸಲು ಜನ ಎದ್ದು ಹೋಗಬೇಕು. ಹಿರಿಯವನು ಜಗಳದ ನಡುವೆ ಟಾರ್ಚ್ ಹಿಡಿದು ಹೊರಗೆ ಹೋಗಲೇಬೇಕಾದಾಗ ಉಳಿದವರಿಗೆ ಅವನಿಲ್ಲದ ಐದು ನಿಮಿಷ ಸಿಗುತ್ತದೆ. ತಾಯಿ ಮಗಳು ಇಬ್ಬರೇ ಮಾತಾಡಬೇಕಾದದ್ದನ್ನೆಲ್ಲ ಅಲ್ಲಿಡಿ. ಹಿನ್ನೆಲೆಯಲ್ಲಿ ಡೀಸೆಲ್ ಎಂಜಿನ್ನಿನ ಸದ್ದು ಸಣ್ಣಗೆ ಇರಲಿ. ಅದು ನಿಂತರೆ ಪ್ರತಿಯೊಬ್ಬರ ತಲೆಯೂ ಕಿಟಕಿಯ ಕಡೆ ತಿರುಗಲಿ. ಇದಕ್ಕೆ ರಂಗಸಜ್ಜಿಕೆಯ ಖರ್ಚೇನೂ ಇಲ್ಲ.

ಇನ್ನು ನೀವು ಕೇಳಿದ ವಿಡಿಯೊ ಕರೆ. ಬೇಡ ಎನ್ನುವುದಕ್ಕೆ ಮೊದಲು ಕೆಲಸದ ಕಾರಣಗಳನ್ನು ಹೇಳುತ್ತೇನೆ. ಸ್ಪರ್ಧೆಗಳಲ್ಲಿ ಒಂದು ತಂಡ ಇಳಿದು ಇನ್ನೊಂದು ತಂಡ ಏರುವ ನಡುವೆ ಸಿಗುವ ಸಮಯ ಕಡಿಮೆ; ಪ್ರೊಜೆಕ್ಟರ್ ಜೋಡಿಸಿ, ಪರದೆಗೆ ಗುರಿ ಹಿಡಿಯುವಷ್ಟರಲ್ಲಿ ನಿಮ್ಮ ಬೆಳಕಿನವರು ದೀಪಗಳನ್ನು ಹೊಂದಿಸಿಕೊಳ್ಳುವ ಸಮಯ ಹೋಗಿರುತ್ತದೆ. ನಟರ ಮೇಲೆ ಬೆಳಕು ಹಾಕಿದರೆ ಪರದೆ ಮಂಕಾಗುತ್ತದೆ, ಪರದೆಗಾಗಿ ಬೆಳಕು ಇಳಿಸಿದರೆ ನಟರು ಕತ್ತಲಲ್ಲಿ. ಮೊದಲೇ ಚಿತ್ರೀಕರಿಸಿದ ಮುಖ ಪ್ರೇಕ್ಷಕರು ನಕ್ಕರೂ ನಿಲ್ಲುವುದಿಲ್ಲ, ನಟಿ ಒಂದು ಕ್ಷಣ ಹೆಚ್ಚು ಮೌನವಾಗಿದ್ದರೂ ಕಾಯುವುದಿಲ್ಲ. ಇವೆಲ್ಲಕ್ಕಿಂತ ದೊಡ್ಡ ಮಾತೆಂದರೆ, ಕಿರಿಯವನು ಒಮ್ಮೆ ಕಾಣಿಸಿಕೊಂಡ ಮೇಲೆ ಅವನು ಎಲ್ಲರಂತೆ ಒಂದು ಪಾತ್ರ. ಕಾಣದಿದ್ದರೆ ಅಣ್ಣನ ತಮ್ಮನೇ ಬೇರೆ, ಅಕ್ಕನ ತಮ್ಮನೇ ಬೇರೆ, ತಾಯಿಯ ಮಗನೇ ಬೇರೆ. ಮೂರು ಜನ ಮೂರು ತರಹ ಅವನ ಮಾತನ್ನು ಅನುಕರಿಸಿ ಹೇಳುವಾಗ, ಇವರಲ್ಲಿ ಯಾರ ಮಾತು ನಿಜ ಎಂದು ಪ್ರೇಕ್ಷಕರು ತಾವೇ ಯೋಚಿಸಬೇಕು. ಅವನ ದನಿಯನ್ನೂ ಕೇಳಿಸಬೇಡಿ.

ಹಾಗಾದರೆ ಅವನು ರಂಗದ ಮೇಲೆ ಇರುವುದು ಹೇಗೆ? ಮಲೆನಾಡಿನ ಎಷ್ಟೋ ಮನೆಗಳಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಒಂದೇ ಜಾಗದಲ್ಲಿ, ಯಾವುದೋ ಕಿಟಕಿಯ ಪಟ್ಟಿಯ ಮೇಲೆ ಅಥವಾ ಜಗಲಿಯ ಒಂದು ಮೂಲೆಯಲ್ಲಿ. ಆ ಕಿಟಕಿಯನ್ನು ರಂಗದ ಮುಂಭಾಗಕ್ಕೆ, ಪ್ರೇಕ್ಷಕರ ಕಡೆಗೆ ತನ್ನಿ. ಚೌಕಟ್ಟು ಬೇಡ, ಒಂದು ಸಣ್ಣ ಸ್ಟೂಲು, ಅದರ ಮೇಲೆ ಮೊಬೈಲ್. ಅವನೊಂದಿಗೆ ಮಾತಾಡಬೇಕಾದವರು ಅಲ್ಲಿಗೇ ಬರಬೇಕು, ಬಂದವರ ಮುಖ ನೇರವಾಗಿ ನಮಗೆ ಕಾಣುತ್ತದೆ, ಬೆನ್ನು ಮನೆಯವರ ಕಡೆಗಿರುತ್ತದೆ. ಬೆನ್ನ ಹಿಂದಿನವರಿಗೆ ಮಾತು ಮಾತ್ರ ಕೇಳುತ್ತದೆ, ಮುಖ ಕಾಣುವುದಿಲ್ಲ. ಒಬ್ಬ ನಟ ಒಂದೇ ಕಾಲಕ್ಕೆ ಎರಡು ಸತ್ಯ ಹೇಳಬಹುದಾದ ಜಾಗ ಇದು. ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಂಥ ದೊಡ್ಡ ಸಭಾಂಗಣದಲ್ಲಿ ಹಿಂದಿನ ಸಾಲಿನವರಿಗೂ ತಲುಪುವ ಜಾಗ ಅದೇ.

ವೇಳೆಯ ಲೆಕ್ಕವನ್ನೂ ಸರಿಪಡಿಸಿಕೊಳ್ಳಿ. ನಿಮ್ಮ ಮೂರನೆಯ ದೃಶ್ಯದಲ್ಲಿ ಇಲ್ಲಿ ಬೆಳಿಗ್ಗೆ ಹತ್ತು ಗಂಟೆ, ಅವನು ಟೊರೊಂಟೊದ ಕಚೇರಿಯಲ್ಲಿ ಊಟಕ್ಕೆ ಎದ್ದಿದ್ದೇನೆ ಎನ್ನುತ್ತಾನೆ. ಫೆಬ್ರುವರಿಯಲ್ಲಿ ಟೊರೊಂಟೊ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅಂದರೆ ಅಲ್ಲಿ ಆಗ ಹಿಂದಿನ ರಾತ್ರಿ ಹನ್ನೊಂದೂವರೆ. ನಾಟಕ ಇಲ್ಲಿ ರಾತ್ರಿ ಎಂಟೂವರೆಗೆ ಶುರುವಾದರೆ ಅವನಿಗೆ ಬೆಳಿಗ್ಗೆ ಹತ್ತು. ಕೆಲಸದ ಹೊತ್ತು, ಬಿಡುವಿಲ್ಲ, ಚುಟುಕಾಗಿ ಮಾತಾಡುತ್ತಾನೆ. ಆ ಚುಟುಕನ್ನು ಅಣ್ಣ ಸೊಕ್ಕು ಎಂದುಕೊಳ್ಳುತ್ತಾನೆ, ತಾಯಿ ಹಸಿವು ಎಂದುಕೊಳ್ಳುತ್ತಾಳೆ.

ಇನ್ನು ನಡುವಿನ ತಿರುವು. ಇದಕ್ಕೆ ಹೆಚ್ಚು ಜಾಗ ಕೊಡಿ, ನಾಟಕ ನಿಲ್ಲುವುದೂ ಬೀಳುವುದೂ ಇಲ್ಲೇ. ಸುಮಾರು 18ನೆಯ ನಿಮಿಷಕ್ಕೆ ಹಿರಿಯವನು ವಕಾಲತ್ತಿನ ಹಾಳೆಯನ್ನು ತಾಯಿಯ ಮುಂದಿಟ್ಟು, ತಮ್ಮನನ್ನು ಸುಳ್ಳುಗಾರ ಎನ್ನುತ್ತಾನೆ. ತಾಯಿ ಉತ್ತರಿಸುವುದಿಲ್ಲ. ಎರಡನೆಯ ಸಲ ಎನ್ನುತ್ತಾನೆ. ಅವಳು ಪೆಟ್ಟಿಗೆಯ ಎಲೆಗಳನ್ನು ಒಂದೊಂದಾಗಿ ಹೊರಗಿಟ್ಟು ಲಕೋಟೆಯನ್ನು ಎತ್ತಿ ವಕಾಲತ್ತಿನ ಮೇಲಿಡುತ್ತಾಳೆ. ‘ಅವನು ಸುಳ್ಳು ಹೇಳಿಲ್ಲ’ ಎನ್ನುವ ಮಾತೊಂದೇ ಸಾಕು. ಇಲ್ಲಿ ತಾಯಿಗೆ ನೀವು ಬರೆದಿರುವಂಥ ಒಂದೂವರೆ ಪುಟದ ಹೆತ್ತ ಕರುಳಿನ ಭಾಷಣ ಕೊಟ್ಟರೆ ಎಲ್ಲ ಹಾಳಾಗುತ್ತದೆ. ಯಾಕೆ ಬಚ್ಚಿಟ್ಟಳು ಎಂಬುದು ಪ್ರೇಕ್ಷಕರಿಗೆ ಆಗಲೇ ಗೊತ್ತಿದೆ.

ಲಕೋಟೆ ಒಡೆದರೆ ಜಗಳ ಮುಗಿಯಬೇಕು, ಅಲ್ಲವೇ? ಮುಗಿಯುವುದಿಲ್ಲ. ಅಧಿಕಾರ ಪತ್ರ ಇಂಗ್ಲಿಷಿನಲ್ಲಿರುತ್ತದೆ. ಹಿರಿಯವನು ತಾಯಿಗಾಗಿ ತಡವರಿಸುತ್ತಾ ಕನ್ನಡದಲ್ಲಿ ಅರ್ಥ ಹೇಳಿಕೊಂಡು ಓದಲಿ. ಮಾದರಿಗೆ ಬರೆದಿದ್ದೇನೆ. ನಾನು ಗ್ರಂಥಸ್ಥ ರೂಪದಲ್ಲೇ ಇಟ್ಟಿದ್ದೇನೆ, ನಿಮ್ಮ ನಟರ ಬಾಯಿಗೆ ನಿಮ್ಮ ಸೀಮೆಯ ಮಾತನ್ನೇ ಹಾಕಿಕೊಳ್ಳಿ.

ಹಿರಿಯವನು: ನನ್ನ ಪರವಾಗಿ ಸಹಿ ಮಾಡುವುದಕ್ಕೆ, ಹಣ ಪಡೆಯುವುದಕ್ಕೆ, ನೋಂದಣಿ ಕಚೇರಿಯಲ್ಲಿ ಹಾಜರಾಗುವುದಕ್ಕೆ ನಾನು ನೇಮಿಸಿರುವುದು ನನ್ನ... (ನಿಲ್ಲಿಸುತ್ತಾನೆ.)

ಸೊಸೆ: ನನ್ನ ಅಣ್ಣ ಎಂದಿರುತ್ತದೆ. ಓದಿ.

ಹಿರಿಯವನು: (ಹಾಳೆಯನ್ನು ತಂಗಿಯ ಕಡೆ ಚಾಚಿ) ನೀನೇ ಓದು. ನಿನ್ನ ಹೆಸರಿದೆ.

ಮಗಳು: ನನ್ನನ್ನು ಅವನು ಕೇಳಲೇ ಇಲ್ಲ.

ಹಿರಿಯವನು: ಕೇಳದೆ ನಿನಗೆ ಕೊಟ್ಟಿದ್ದಾನೆ. ನಾನು ಕೇಳಿ ಕೇಳಿ ಸಾಕಾಯಿತು.

ಮಗಳು: ಅಣ್ಣಯ್ಯ, ಈ ಮನೆಯಲ್ಲಿ ನನ್ನನ್ನು ಕೇಳಿ ಮಾಡಿದ್ದು ಯಾವುದಿದೆ ಹೇಳು.

ಹಿರಿಯವನು: ನಿನಗೇನು ಕಡಿಮೆ ಮಾಡಿದೆವು?

ಮಗಳು: ಅವನು ಹೋದ ಎಂದು ಹತ್ತು ವರ್ಷದಿಂದ ಎಲ್ಲರೂ ಅಳುತ್ತೀರಿ. ನಾನೂ ಹೋದವಳೇ. ಹಾಸನಕ್ಕೆ ಹೋದರೆ ಅದು ಹೋದ ಹಾಗಲ್ಲವೇ?

ಆ ಕೊನೆಯ ಮಾತಿಗಾಗಿಯೇ ಈ ತಿರುವು. ವಲಸೆಯ ನಾಟಕಗಳಲ್ಲಿ ಮಗಳು ಸಾಮಾನ್ಯವಾಗಿ ಕಾಫಿ ತರುತ್ತಾಳೆ, ಸಮಾಧಾನ ಹೇಳುತ್ತಾಳೆ. ಮದುವೆ ಮಾಡಿ ಕಳುಹಿಸಿದ್ದನ್ನು ಯಾರೂ ಮನೆ ಒಡೆದದ್ದು ಎಂದು ಎಣಿಸುವುದಿಲ್ಲ. ಪಹಣಿಯಲ್ಲಿ ಅವಳ ಹೆಸರೂ ಇದೆ, ಅಣ್ಣ ತಮ್ಮ ಇಬ್ಬರೂ ಲೆಕ್ಕ ಹಾಕುವಾಗ ಅದನ್ನು ಮರೆತಿದ್ದಾರೆ. ಇಬ್ಬರು ಗಂಡುಮಕ್ಕಳ ಜಗಳ ಎಂದುಕೊಂಡು ಕುಳಿತಿದ್ದ ಪ್ರೇಕ್ಷಕರಿಗೆ ಈಗ ಮೂರನೆಯ ಪಾಲುದಾರಳು ಕಾಣುತ್ತಾಳೆ, ಅದೂ ಇಪ್ಪತ್ತು ನಿಮಿಷದಿಂದ ಅವರ ಕಣ್ಣೆದುರೇ ಕೂತಿದ್ದವಳು. ಈ ಕ್ಷಣಕ್ಕೆ ಸಿದ್ಧತೆಯಾಗಿ ಮೊದಲ ಭಾಗದಲ್ಲಿ ಅವಳನ್ನು ಎರಡು ಸಲ ಯಾರೋ ಮಾತಿನ ನಡುವೆ ತಡೆಯಲಿ, ಒಂದು ಸಲ ಅವಳು ಏನೋ ಹೇಳಲು ಹೊರಟಾಗ ರೈಟರ್ ಬಂದುಬಿಡಲಿ. ಅಷ್ಟೇ ಸಾಕು, ಎದ್ದು ಕಾಣಬಾರದು.

ಕಿರಿಯವನು ಅಕ್ಕನ ಹೆಸರನ್ನೇ ಯಾಕೆ ಬರೆದ? ಇದಕ್ಕೆ ನಾಟಕದೊಳಗೆ ಒಂದೇ ಉತ್ತರ ಕೊಡಬೇಡಿ. ಅಣ್ಣನಿಗೆ ಅದು ಅಪನಂಬಿಕೆ. ಸೊಸೆಗೆ ಅದು ಅತ್ತಿಗೆ ನಾದಿನಿಯರ ನಡುವೆ ಹಾಕಿದ ಬೆಂಕಿ. ತಾಯಿಗೆ ಅದು ಮಗನ ಜಾಣತನ. ಮಗಳು ಕಿಟಕಿಗೆ ಹೋಗಿ ಕರೆ ಮಾಡುತ್ತಾಳೆ, ಅವನು ಏನೋ ಹೇಳುತ್ತಾನೆ, ಅವಳು ‘ಸರಿ’ ಎನ್ನುತ್ತಾಳೆ. ಏನು ಹೇಳಿದ ಎಂದು ಮನೆಯವರು ಕೇಳಿದಾಗ ಅವಳು ಹೇಳುವುದಕ್ಕೂ, ಆ ಮಾತು ಕೇಳುತ್ತಿದ್ದಾಗ ನಾವು ಅವಳ ಮುಖದಲ್ಲಿ ಕಂಡದ್ದಕ್ಕೂ ಹೊಂದಾಣಿಕೆ ಇರಬಾರದು. ಇದನ್ನು ಮಾತಿನಲ್ಲಿ ಬರೆಯುವುದು ಕಷ್ಟ. ರಂಗಸೂಚನೆಯಲ್ಲಿ ಸ್ಪಷ್ಟವಾಗಿ ಬರೆದು ನಟಿಗೆ ಬಿಡಿ.

ಹಿರಿಯವನನ್ನು ಖಳನನ್ನಾಗಿ ಮಾಡದಿರಲು ಒಂದು ವಸ್ತು ಬೇಕು. ಅವನ ಕೈಯಲ್ಲಿ ತಂದೆಯ ಕಾಲದ ಲೆಕ್ಕದ ಪುಸ್ತಕ ಕೊಡಿ. ತಮ್ಮನ ಓದಿಗೆ ತೆಗೆದ ಸಾಲ, ತಂದೆ ಹೋದ ಮೇಲೆ ತಾನು ಕಟ್ಟಿದ ಕಂತುಗಳು, ಕಾಫಿ ದರ ಬಿದ್ದ ವರ್ಷ ಹೆಂಡತಿಯ ಬಳೆ ಅಡವಿಟ್ಟದ್ದು, ಎಲ್ಲವೂ ತಾರೀಖಿನೊಂದಿಗೆ ಅದರಲ್ಲಿದೆ. ಅವನು ಓದುವಾಗ ಪ್ರೇಕ್ಷಕರು ಅವನ ಪಕ್ಷಕ್ಕೆ ಹೋಗಬೇಕು. ಅವನು ಹೇಳುವುದೆಲ್ಲ ನ್ಯಾಯ. ಆಮೇಲೆ ತಂಗಿ ಆ ಪುಸ್ತಕವನ್ನು ತೆಗೆದುಕೊಂಡು, ತನ್ನ ಮದುವೆಯ ಖರ್ಚು ಯಾವ ಪುಟದಲ್ಲಿದೆ ಎಂದು ಹುಡುಕಲಿ. ಇದೆ, ತಂದೆಯ ಕೈಬರಹದಲ್ಲಿ, ಒಟ್ಟು ಮೊತ್ತದ ಕೆಳಗೆ ಎರಡು ಗೆರೆ ಎಳೆದು. ಲೆಕ್ಕ ಚುಕ್ತಾ ಆದಾಗ ಎಳೆಯುವ ಗೆರೆ. ಅದನ್ನು ಅವಳು ಜೋರಾಗಿ ಓದುವ ಅಗತ್ಯವೂ ಇಲ್ಲ. ‘ನನ್ನದಕ್ಕೆ ಗೆರೆ ಎಳೆದಾಗಿದೆ’ ಎಂದರೆ ಸಾಕು.

ಸೊಸೆಯ ಪಾತ್ರ ನಿಮ್ಮಲ್ಲಿ ಸಿಡುಕುವ ಅತ್ತಿಗೆಯಾಗಿ ಬಂದಿದೆ. ಅವಳೂ ಈ ಮನೆಗೆ ವಲಸೆ ಬಂದವಳೇ ಎಂಬುದನ್ನು ನೆನಪಿಟ್ಟುಕೊಂಡು ಒಂದು ಸಲ ಅವಳ ಮಾತುಗಳನ್ನು ತಿದ್ದಿ, ಸಿಡುಕು ತಾನಾಗಿ ಇಳಿಯುತ್ತದೆ.

ಮುಕ್ತಾಯಕ್ಕೆ ಬರೋಣ. ಕಿರಿಯವನು ಬಾಗಿಲಲ್ಲಿ ಬಂದು ನಿಲ್ಲುವುದು ಬೇಡ. ತಾಯಿಗೆ ಮರೆವು ಬೇಡ. ಇಷ್ಟು ದಿನ ಜಾಣತನದಿಂದ ಲಕೋಟೆ ಬಚ್ಚಿಟ್ಟವಳಿಗೆ ಅದು ಅನ್ಯಾಯ. ಮಗಳು ಹಕ್ಕು ಖುಲಾಸೆಗೆ ಒಪ್ಪಿ ಎಲ್ಲರೂ ಅತ್ತು ಒಂದಾಗುವುದೂ ಬೇಡ. ಇಲ್ಲಿ ಇನ್ನೊಂದು ಕಾನೂನಿನ ಸಂಗತಿ ನಿಮ್ಮ ಸಹಾಯಕ್ಕೆ ಬರುತ್ತದೆ. ವಿದೇಶದಲ್ಲಿ ನೆಲೆಸಿದ ಭಾರತೀಯರು ರಿಸರ್ವ್ ಬ್ಯಾಂಕಿನ ವಿಶೇಷ ಅನುಮತಿ ಇಲ್ಲದೆ ಕೃಷಿ ಭೂಮಿಯನ್ನಾಗಲಿ ತೋಟವನ್ನಾಗಲಿ ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ಮೊದಲೇ ಇದ್ದದ್ದನ್ನು, ವಾರಸಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು, ಅಷ್ಟೇ. ಅಂದರೆ ಕಿರಿಯವನು ಒಮ್ಮೆ ಈ ಎರಡು ಎಕರೆ ಬಿಟ್ಟುಕೊಟ್ಟರೆ, ಅಲ್ಲಿರುವಷ್ಟು ಕಾಲ ಅಣ್ಣನೇ ಮನಸ್ಸು ಬದಲಿಸಿ ಮರಳಿ ಕೊಡುತ್ತೇನೆಂದರೂ ತೆಗೆದುಕೊಳ್ಳುವಂತಿಲ್ಲ. ಇದನ್ನು ತಿಳಿದವಳು ಮಗಳೊಬ್ಬಳೇ ಆಗಿರಲಿ. ಅವಳ ಗಂಡ ಹಾಸನದಲ್ಲಿ ಪತ್ರ ಬರಹಗಾರ ಎಂದರೆ ಸಹಜವಾಗಿ ಕೂರುತ್ತದೆ. ತಾಯಿಗೆ ಭಯವಾಗಿದ್ದದ್ದು ಸರಿಯೇ, ಅವಳು ಮಾಡಿದ್ದು ಮಾತ್ರ ತಪ್ಪು ಎಂಬುದು ಆಗ ಗೊತ್ತಾಗುತ್ತದೆ.

ಆದ್ದರಿಂದ ಮಗಳ ತೀರ್ಮಾನ ಹೀಗಿರಬಹುದು: ನಾಳೆ ಚಿಕ್ಕಮಗಳೂರಿಗೆ ಹೋಗಿ ಮುದ್ರಾಂಕ ಶುಲ್ಕ ಕಟ್ಟಿಸುತ್ತಾಳೆ, ಕಾಗದ ಸಾಯಲು ಬಿಡುವುದಿಲ್ಲ. ಆದರೆ ಖುಲಾಸೆ ಪತ್ರಕ್ಕೆ 45 ದಿನವಾಗಲಿ, ಒಂದು ವರ್ಷವಾಗಲಿ, ತನಗೆ ಸರಿ ಕಂಡಾಗ ಸಹಿ ಮಾಡುತ್ತಾಳೆ. ವಕಾಲತ್ತಿಗೂ ಸಹಿ ಮಾಡುವುದಿಲ್ಲ. ಅಣ್ಣನಿಗೆ ಇದರಿಂದ ಸಿಟ್ಟು ಬರಬೇಕು, ಆದರೆ ದಾವೆ ಹೂಡಲು ಕಾರಣವೂ ಉಳಿದಿಲ್ಲ. ತಾಯಿ ಬಯಸಿದ್ದು ಸಿಕ್ಕಿದೆ, ಆದರೆ ಇಬ್ಬರು ಗಂಡುಮಕ್ಕಳಿಗೂ ಅವಳ ಮೇಲಿನ ನಂಬಿಕೆ ಹೋಗಿದೆ. ಯಾರೂ ಗೆದ್ದಿಲ್ಲ, ಆದರೂ ರಾತ್ರಿ ಶುರುವಾದಾಗ ಇದ್ದಲ್ಲಿ ಯಾರೂ ಇಲ್ಲ. ಎಂಜಿನ್ ನಿಂತದ್ದಕ್ಕೆ ಹಿರಿಯವನು ಟಾರ್ಚ್ ಹಿಡಿದು ಎದ್ದು ಹೋಗಲಿ, ಈ ಸಲ ತಂಗಿಯೂ ಸೀರೆ ಎತ್ತಿ ಕಟ್ಟಿ ಹಿಂದೆ ಹೋಗಲಿ, ಪರದೆ ಬೀಳಲಿ. ಕಾನೂನಿನ ಭಾಗಗಳನ್ನು ಪ್ರದರ್ಶನಕ್ಕೆ ಮೊದಲು ಒಬ್ಬ ವಕೀಲರಿಗೆ ಓದಿ ಹೇಳಿ. ತೀರ್ಪುಗಾರರಲ್ಲಿ ಒಬ್ಬರಾದರೂ ಇಂಥದ್ದರಲ್ಲಿ ತಪ್ಪು ಹುಡುಕುವವರಿರುತ್ತಾರೆ.

ಸಮಯದ ಬಗ್ಗೆ. ಒಬ್ಬರೇ ಕುಳಿತು ಓದಿದಾಗ 34, 35 ನಿಮಿಷ ಬಂದರೆ ರಂಗದ ಮೇಲೆ 45ರ ಹತ್ತಿರ ಹೋಗುತ್ತದೆ, ಯಾಕೆಂದರೆ ಈ ನಾಟಕದಲ್ಲಿ ಓಡಾಟ ಮತ್ತು ಮೌನ ಹೆಚ್ಚು. ಪರದೆ ಏಳುವುದರಿಂದ ಲೆಕ್ಕವೋ, ರಂಗಸಜ್ಜಿಕೆಯ ಸಮಯವೂ ಸೇರಿದೆಯೋ ಎಂಬುದನ್ನು ನಿಯಮಾವಳಿಯಲ್ಲಿ ನೋಡಿಕೊಳ್ಳಿ. ಕೆಲವು ಕಡೆ ಮಿತಿ ಮೀರಿದರೆ ಅಂಕ ಕಳೆಯುತ್ತಾರೆ, ಕೆಲವು ಕಡೆ ಪರದೆಯನ್ನೇ ಇಳಿಸುತ್ತಾರೆ. ಮೊದಲ ಓದಿನಲ್ಲೇ ಹೆಚ್ಚಾಯಿತೆಂದರೆ ತಾಯಿಯ ಅಥವಾ ರೈಟರಿನ ಮಾತಿಗೆ ಕೈ ಹಾಕಬೇಡಿ. ಹಿರಿಯವನ ಮಾತುಗಳನ್ನು ಮೊದಲು ಕತ್ತರಿಸಿ. ಅವನ ಪಕ್ಷ ನ್ಯಾಯದ್ದಾದ್ದರಿಂದ ನಿಮಗೇ ತಿಳಿಯದಂತೆ ಅವನು ಪ್ರತಿ ಪುಟದಲ್ಲೂ ಅದನ್ನೇ ಎರಡೆರಡು ಸಲ ಹೇಳುತ್ತಿರುತ್ತಾನೆ.